ಕಾಲು ಉದ್ದವಾದರೂ ಬೆನ್ನಿನ ನಾಳ ಅಗಲವಾಗದು

ಅಕಾಂಡ್ರೋಪ್ಲೇಷಿಯಾ ಇರುವ ಮಗುವನ್ನು ಮೂಳೆ ತಜ್ಞರ ಬಳಿ ಕರೆತರುವ ತಂದೆತಾಯಿಯ ಮೊದಲ ಪ್ರಶ್ನೆ ಬಹುತೇಕ ಒಂದೇ: "ಇವನನ್ನ ಉದ್ದ ಮಾಡೋಕಾಗುತ್ತಾ ಡಾಕ್ಟ್ರೇ?" ಆ ಪ್ರಶ್ನೆ ಸಹಜವಾದದ್ದೇ. ಮಗುವಿನ ಕೈಕಾಲು ಗಿಡ್ಡ ಎನ್ನುವುದು ಎಲ್ಲರ ಕಣ್ಣಿಗೂ ಬೀಳುತ್ತದೆ, ಬೀದಿಯಲ್ಲೂ ಶಾಲೆಯಲ್ಲೂ ಜನ ಆಡುವುದು ಅದನ್ನೇ. ಅನುಭವಿ ವೈದ್ಯರು ಮಾತ್ರ ಮಗುವನ್ನು ಮಂಚದ ಮೇಲೆ ಮಲಗಿಸಿ ಮೊದಲು ಬೇರೆಯದನ್ನೇ ನೋಡುತ್ತಾರೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆಯೇ ಎಂದು ತಾಯಿಯನ್ನು ಕೇಳುತ್ತಾರೆ. ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ಕಾಲು ಎಷ್ಟು ಜೋರಾಗಿ ಎಗರುತ್ತದೆ ಎಂದು ಗಮನಿಸುತ್ತಾರೆ. ಕೂರಿಸಿ ಬೆನ್ನಿನ ಬಾಗನ್ನು ನೋಡುತ್ತಾರೆ. ಈ ಸ್ಥಿತಿಯಲ್ಲಿ ನಿಜವಾದ ಅಪಾಯ ಇರುವುದು ಕಾಲಿನಲ್ಲಲ್ಲ, ಬೆನ್ನುಹುರಿ ಹಾದುಹೋಗುವ ನಾಳದಲ್ಲಿ ಎಂಬುದು ಅವರಿಗೆ ಗೊತ್ತಿರುತ್ತದೆ.

ಕಾಲು ಗಿಡ್ಡವಾಗುವುದಕ್ಕೂ ಬೆನ್ನಿನ ನಾಳ ಕಿರಿದಾಗುವುದಕ್ಕೂ ಮೂಲ ಒಂದೇ. ಆದರೆ ಕಾಲನ್ನು ಉದ್ದ ಮಾಡುವ ಶಸ್ತ್ರಚಿಕಿತ್ಸೆಯಿಂದ ನಾಳ ಒಂದು ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಈ ಎರಡು ಮಾತನ್ನು ಒಟ್ಟಿಗೆ ಹಿಡಿದು ನೋಡಿದರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಯೋಚಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಒಂದು ಅಕ್ಷರದ ಬದಲಾವಣೆ

ಕೈಕಾಲಿನ ಉದ್ದನೆಯ ಮೂಳೆಗಳು ಮೊದಲು ಮೃದ್ವಸ್ಥಿಯಾಗಿ ಹುಟ್ಟಿ ಆಮೇಲೆ ಗಟ್ಟಿ ಮೂಳೆಯಾಗುತ್ತವೆ. ಮೂಳೆಯ ತುದಿಯ ಹತ್ತಿರ ಬೆಳವಣಿಗೆಯ ಫಲಕ ಎಂಬ ತೆಳುವಾದ ಪದರವಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಮೃದ್ವಸ್ಥಿಯ ಕೋಶಗಳು ಒಂದರ ಮೇಲೊಂದು ಸಾಲಾಗಿ ನಿಂತಿರುತ್ತವೆ. ಅವು ಒಡೆದು ಎರಡಾಗುತ್ತವೆ, ಊದಿಕೊಳ್ಳುತ್ತವೆ, ಕೊನೆಗೆ ತಮ್ಮ ಜಾಗವನ್ನು ಮೂಳೆಗೆ ಬಿಟ್ಟುಕೊಡುತ್ತವೆ. ಮೂಳೆ ಉದ್ದವಾಗುವುದು ಹೀಗೆ.

ಈ ಕೋಶಗಳು ಲಂಗುಲಗಾಮಿಲ್ಲದೆ ಬೆಳೆಯದಂತೆ ತಡೆಯಲು ದೇಹವೇ ಒಂದು ಬ್ರೇಕ್ ಇಟ್ಟಿದೆ. ಕೋಶದ ಹೊರಪೊರೆಯಲ್ಲಿ ನೆಟ್ಟಿರುವ ಒಂದು ಪ್ರೋಟೀನು ಆ ಕೆಲಸ ಮಾಡುತ್ತದೆ. ಅದನ್ನು ತಯಾರಿಸುವ ಸೂಚನೆ ಇರುವುದು ನಾಲ್ಕನೆಯ ವರ್ಣತಂತುವಿನ ಮೇಲಿನ ಎಫ್‌ಜಿಎಫ್‌ಆರ್-3 ಎಂಬ ವಂಶವಾಹಿಯಲ್ಲಿ. ಹೊರಗಿನಿಂದ ಸಂಕೇತ ಬಂದಾಗ ಈ ಪ್ರೋಟೀನು 'ನಿಧಾನಿಸು' ಎಂದು ಕೋಶದೊಳಕ್ಕೆ ಸುದ್ದಿ ಕಳಿಸಿ, ಕೆಲಸ ಮುಗಿದ ಮೇಲೆ ಸುಮ್ಮನಾಗಬೇಕು. ಅಕಾಂಡ್ರೋಪ್ಲೇಷಿಯಾದಲ್ಲಿ ಅದು ಸುಮ್ಮನಾಗುವುದಿಲ್ಲ, ಒತ್ತಿದ ಬ್ರೇಕು ಪೂರ್ತಿ ಮೇಲೇಳುವುದೇ ಇಲ್ಲ. ಇಲಿಗಳಲ್ಲಿ ಈ ವಂಶವಾಹಿಯನ್ನು ತೆಗೆದುಹಾಕಿದಾಗ ಅವುಗಳ ಮೂಳೆಗಳು ಅಳತೆ ಮೀರಿ ಉದ್ದ ಬೆಳೆದವು. ಇದರ ಕೆಲಸ ಬೆಳವಣಿಗೆಯನ್ನು ತಡೆಯುವುದೇ ಎಂಬುದಕ್ಕೆ ಅದು ಸ್ಪಷ್ಟ ಪುರಾವೆಯಾಯಿತು.

1994ರಲ್ಲಿ ಅಮೆರಿಕದ ಮತ್ತು ಫ್ರಾನ್ಸಿನ ಎರಡು ತಂಡಗಳು ಬೇರೆಬೇರೆಯಾಗಿ ಈ ದೋಷವನ್ನು ಪತ್ತೆಹಚ್ಚಿದವು. ಆಶ್ಚರ್ಯವೆಂದರೆ ಲೋಕದ ಬಹುತೇಕ ಎಲ್ಲ ಅಕಾಂಡ್ರೋಪ್ಲೇಷಿಯಾ ರೋಗಿಗಳಲ್ಲೂ ಡಿಎನ್‌ಎಯ ಅದೇ ಜಾಗದ ಅದೇ ಒಂದು ಅಕ್ಷರ ಬದಲಾಗಿರುತ್ತದೆ. ಅದರಿಂದ ಪ್ರೋಟೀನಿನ 380ನೇ ಸ್ಥಾನದಲ್ಲಿ ಗ್ಲೈಸೀನ್ ಇರಬೇಕಾದಲ್ಲಿ ಆರ್ಜಿನೀನ್ ಬಂದು ಕೂರುತ್ತದೆ. ಅಷ್ಟೇ ವ್ಯತ್ಯಾಸ.

ನಮ್ಮ ಕಡೆಯ ಮನೆಗಳಲ್ಲಿ ಇಂಥ ಮಗು ಹುಟ್ಟಿದಾಗ ಬೆರಳು ನೇರವಾಗಿ ತಾಯಿಯ ಕಡೆ ತಿರುಗುತ್ತದೆ. ಗ್ರಹಣದ ದಿನ ಹೊರಗೆ ಬಂದಳು, ಬಸುರಿಯಲ್ಲಿ ಪಥ್ಯ ಮಾಡಲಿಲ್ಲ, ಸೋದರಮಾವನನ್ನು ಮದುವೆಯಾದದ್ದಕ್ಕೆ ಹೀಗಾಯಿತು ಎಂದೆಲ್ಲ ಮಾತು ಬರುತ್ತದೆ. ಇವು ಯಾವುವೂ ಕಾರಣವಲ್ಲ. ರಕ್ತಸಂಬಂಧದ ಮದುವೆಯಿಂದ ಹೆಚ್ಚಾಗುವುದು ತಂದೆತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು. ಅಕಾಂಡ್ರೋಪ್ಲೇಷಿಯಾಕ್ಕೆ ಒಂದೇ ಪ್ರತಿ ಸಾಕು. ಹತ್ತರಲ್ಲಿ ಎಂಟು ಮಕ್ಕಳ ತಂದೆತಾಯಿ ಇಬ್ಬರೂ ಸಾಮಾನ್ಯ ಎತ್ತರದವರು, ಬದಲಾವಣೆ ಆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ಅಂಥ ಹೊಸ ಬದಲಾವಣೆ ಹುಟ್ಟುವುದು ತಂದೆಯ ವೀರ್ಯಾಣುವಿನಲ್ಲಿ. ತಂದೆಯ ವಯಸ್ಸು ಹೆಚ್ಚಿದಂತೆ ಅದರ ಸಾಧ್ಯತೆಯೂ ಸ್ವಲ್ಪ ಹೆಚ್ಚುತ್ತದೆ. ಇದು ತಂದೆಯ ತಪ್ಪೂ ಅಲ್ಲ, ಯಾರ ತಪ್ಪೂ ಅಲ್ಲ. ಆದರೆ ತಾಯಿಯನ್ನು ದೂರುವುದಂತೂ ವಿಜ್ಞಾನಕ್ಕೆ ಪೂರ್ತಿ ವಿರುದ್ಧ.

ಈ ಸ್ಥಿತಿ ಇರುವವರು ಸಾಮಾನ್ಯ ಎತ್ತರದವರನ್ನು ಮದುವೆಯಾದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ದಂಪತಿ ಇಬ್ಬರಿಗೂ ಇದ್ದರೆ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಎರಡೂ ಪ್ರತಿಗಳು ದೋಷದವೇ ಬರಬಹುದು. ಅಂಥ ಶಿಶು ಬದುಕುಳಿಯುವುದಿಲ್ಲ. ಆದ್ದರಿಂದ ಅಂಥ ದಂಪತಿ ಗರ್ಭಕ್ಕೆ ಮೊದಲೇ ವಂಶವಾಹಿ ಸಲಹೆಗಾರರನ್ನು ಕಾಣುವುದು ಅಗತ್ಯ.

ನಾಳ ಕಿರಿದಾಗುವುದು ಎಲ್ಲಿ, ಹೇಗೆ?

ಬೆನ್ನುಮೂಳೆಯ ಪ್ರತಿಯೊಂದು ಕಶೇರುವಿಗೂ ಮುಂದೆ ದಪ್ಪನೆಯ ದೇಹ, ಹಿಂದೆ ಒಂದು ಕಮಾನು. ಇವೆರಡರ ನಡುವಿನ ಖಾಲಿ ಜಾಗಗಳು ಮೇಲಿಂದ ಕೆಳಗೆ ಸಾಲಾಗಿ ಕೂಡಿ ಬೆನ್ನುಹುರಿಯ ನಾಳವಾಗುತ್ತದೆ. ಮಗು ಹುಟ್ಟಿದಾಗ ಈ ದೇಹಕ್ಕೂ ಕಮಾನಿಗೂ ನಡುವೆ ಮೃದ್ವಸ್ಥಿ ಇರುತ್ತದೆ. ಅದು ಬೆಳೆಯುತ್ತಾ ಹೋದಂತೆ ನಾಳ ಅಗಲವಾಗುತ್ತದೆ, ಮೃದ್ವಸ್ಥಿ ಮೂಳೆಯಾಗಿ ಬೆಸೆದುಕೊಂಡ ದಿನ ಆ ಅಗಲವಾಗುವಿಕೆ ನಿಲ್ಲುತ್ತದೆ. ಅಕಾಂಡ್ರೋಪ್ಲೇಷಿಯಾದಲ್ಲಿ ಅದೇ ವಂಶವಾಹಿಯ ಕಾರಣದಿಂದ ಈ ಬೆಸುಗೆ ಹೊತ್ತಿಗೆ ಮುಂಚೆಯೇ ಆಗಿಬಿಡುತ್ತದೆ. ಕಮಾನಿನ ಕಾಲುಗಳು ಗಿಡ್ಡವಾಗಿ ದಪ್ಪವಾಗಿ ಉಳಿಯುತ್ತವೆ. ಬೆನ್ನುಹುರಿ ಮತ್ತು ನರಗಳು ಮಾತ್ರ ಸಾಮಾನ್ಯ ಗಾತ್ರಕ್ಕೇ ಬೆಳೆಯುತ್ತವೆ. ಜಾಗ ಚಿಕ್ಕದು, ಅದರಲ್ಲಿ ಇರಬೇಕಾದದ್ದು ಪೂರ್ಣ ಗಾತ್ರದ್ದು ಎಂಬುದೇ ಸಂಕಟದ ಬೇರು.

ಇದನ್ನು ಒಂದು ಸಾದಾ ಎಕ್ಸ್-ರೇಯಲ್ಲೇ ನೋಡಬಹುದು. ಸೊಂಟದ ಐದು ಕಶೇರುಗಳನ್ನು ಮುಂದಿನಿಂದ ತೆಗೆದ ಚಿತ್ರದಲ್ಲಿ ಪ್ರತಿಯೊಂದರಲ್ಲೂ ಎಡಬಲಕ್ಕೆ ಎರಡು ಅಂಡಾಕಾರದ ಗುರುತು ಕಾಣುತ್ತವೆ. ಅವೇ ಕಮಾನಿನ ಕಾಲುಗಳು. ಎಲ್ಲರಲ್ಲೂ ಮೇಲಿನಿಂದ ಕೆಳಕ್ಕೆ ಬಂದಂತೆ ಆ ಎರಡರ ನಡುವಿನ ಅಂತರ ಹೆಚ್ಚುತ್ತಾ ಹೋಗುತ್ತದೆ. ಅಕಾಂಡ್ರೋಪ್ಲೇಷಿಯಾದಲ್ಲಿ ತಿರುವುಮುರುವು, ಕೆಳಕ್ಕೆ ಹೋದಂತೆ ಅಂತರ ಕಡಿಮೆಯಾಗುತ್ತದೆ. ಆ ಒಂದು ಚಿತ್ರ ನೋಡಿಯೇ ತಜ್ಞರು ರೋಗವನ್ನು ಗುರುತಿಸುವುದುಂಟು.

ಕಿರಿದಾಗುವ ಜಾಗಗಳಲ್ಲಿ ಎರಡು ಮುಖ್ಯ. ಮೊದಲನೆಯದು ತಲೆಬುರುಡೆಯ ಬುಡದಲ್ಲಿ ಬೆನ್ನುಹುರಿ ಹೊರಬರುವ ರಂಧ್ರ. ತಲೆಬುರುಡೆಯ ಮೇಲ್ಭಾಗ ಮೃದ್ವಸ್ಥಿಯಿಂದ ಆಗುವುದಿಲ್ಲವಾದ್ದರಿಂದ ಅದು ದೊಡ್ಡದಾಗಿಯೇ ಬೆಳೆಯುತ್ತದೆ. ಬುಡದ ಭಾಗ ಮೃದ್ವಸ್ಥಿಯಿಂದ ಆಗುವಂಥದ್ದು, ಅದು ಕುಗ್ಗಿ ರಂಧ್ರ ಚಿಕ್ಕದಾಗುತ್ತದೆ. ಉಸಿರಾಟವನ್ನು ನಡೆಸುವ ನರಕೇಂದ್ರಗಳು ಇರುವುದು ಅಲ್ಲೇ. ಆ ಜಾಗದಲ್ಲಿ ಒತ್ತಡ ಬಿದ್ದರೆ ಮೊದಲ ಎರಡು ವರ್ಷಗಳಲ್ಲಿ ಮಗು ನಿದ್ದೆಯಲ್ಲೇ ಹಠಾತ್ತನೆ ತೀರಿಕೊಳ್ಳಬಹುದು. ಆದ್ದರಿಂದ ಶಿಶುವಿನಲ್ಲಿ ನಿದ್ದೆಯ ಪರೀಕ್ಷೆಯನ್ನೂ ಎಂಆರ್‌ಐಯನ್ನೂ ಮಾಡಿಸಬೇಕು. ಒತ್ತಡ ಕಂಡರೆ ನರಶಸ್ತ್ರಜ್ಞರು ರಂಧ್ರವನ್ನು ಅಗಲ ಮಾಡುತ್ತಾರೆ. ಕುತ್ತಿಗೆ ಗಟ್ಟಿಯಾಗುವ ತನಕ ಮಗುವನ್ನು ಎತ್ತುವಾಗ ತಲೆಗೆ ಕೈ ಆನಿಸಿರಬೇಕು. ಬೆನ್ನಿಗೆ ಬಲ ಬರುವ ಮೊದಲೇ ದಿಂಬು ಕೊಟ್ಟು ಕೂರಿಸುವ ಆತುರ ಬೇಡ, ಅದರಿಂದ ಬೆನ್ನು ಗೂನಾಗಿ ನಿಲ್ಲುವ ಅಪಾಯವಿದೆ.

ಎರಡನೆಯದು ಸೊಂಟದ ಭಾಗ. ಇದು ಬಾಲ್ಯದಲ್ಲಿ ಹೆಚ್ಚು ಕಾಡುವುದಿಲ್ಲ, ಕಾಟ ಕೊಡುವುದು ದೊಡ್ಡವರಾದ ಮೇಲೆ. ಹುಟ್ಟಿನಿಂದಲೇ ಕಿರಿದಾದ ನಾಳದಲ್ಲಿ ವಯಸ್ಸಾದಂತೆ ಡಿಸ್ಕು ಉಬ್ಬುತ್ತದೆ, ಕಟ್ಟುಗಳು ದಪ್ಪವಾಗುತ್ತವೆ. ಬೇರೆಯವರಿಗೆ ಇಷ್ಟು ಏನೂ ಅನ್ನಿಸದು, ಇವರಿಗೆ ಅದೇ ಸಾಕು.

ನಡೆಯುವ ದೂರವೇ ಅಳತೆಗೋಲು

ಇದು ಹೇಗೆ ಮುಂದುವರಿಯುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಮೂವತ್ತೈದರ ಒಬ್ಬರು ದಾವಣಗೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ ಎನ್ನಿ. ಬಸ್ ಸ್ಟ್ಯಾಂಡಿನಿಂದ ಅಂಗಡಿಗೆ ಒಂದು ಕಿಲೋಮೀಟರ್, ದಿನವೂ ನಡೆದು ಹೋಗುತ್ತಿದ್ದವರು. ಒಂದು ವರ್ಷದಿಂದ ಮುಕ್ಕಾಲು ದಾರಿಯಲ್ಲಿ ಎರಡೂ ಕಾಲು ಭಾರವಾಗಿ ಜೋಮು ಹಿಡಿಯುತ್ತದೆ. ನಿಂತರೆ ಸರಿಹೋಗುವುದಿಲ್ಲ. ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಮುಂದೆ ಬಾಗಿದರೆ ಎರಡು ನಿಮಿಷಕ್ಕೆ ಇಳಿಯುತ್ತದೆ, ಎದ್ದು ಮತ್ತೆ ಹೊರಡುತ್ತಾರೆ. ಆರು ತಿಂಗಳಾದ ಮೇಲೆ ಮುನ್ನೂರು ಮೀಟರಿಗೇ ಕೂರಬೇಕಾಗುತ್ತದೆ. ಆಮೇಲೆ ನೂರಕ್ಕೆ.

ಇಲ್ಲಿ ಕುಕ್ಕರಗಾಲಲ್ಲಿ ಕೂತಾಗ ಆರಾಮ ಸಿಗುವುದೇ ದೊಡ್ಡ ಸುಳಿವು. ಇವರ ಸೊಂಟ ಮೊದಲೇ ಒಳಕ್ಕೆ ಬಾಗಿರುತ್ತದೆ, ನಿಂತು ನಡೆಯುವಾಗ ನಾಳ ಇನ್ನಷ್ಟು ಬಿಗಿಯುತ್ತದೆ. ಮುಂದೆ ಬಾಗಿದಾಗ ಕಟ್ಟುಗಳು ಹಿಗ್ಗಿ ನಾಳಕ್ಕೆ ತುಸು ಜಾಗ ಸಿಗುತ್ತದೆ. ರಕ್ತನಾಳ ಕಟ್ಟಿದ್ದರಿಂದ ಬರುವ ಕಾಲುನೋವಾದರೆ ಸುಮ್ಮನೆ ನಿಂತರೂ ಇಳಿಯುತ್ತದೆ, ಬಾಗುವ ಅಗತ್ಯವಿಲ್ಲ. ಹೀಗಾಗಿ "ಎಷ್ಟು ದೂರ ನಡೀತೀರಿ, ಆಮೇಲೆ ಏನು ಮಾಡ್ತೀರಿ?" ಎಂಬ ಎರಡು ಪ್ರಶ್ನೆಗಳಿಂದಲೇ ವೈದ್ಯರಿಗೆ ಅರ್ಧ ರೋಗ ತಿಳಿದುಬಿಡುತ್ತದೆ. ಕುಟುಂಬದವರೂ ಆ ದೂರವನ್ನು ತಿಂಗಳಿಗೊಮ್ಮೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅದು ಕುಗ್ಗುತ್ತಾ ಬಂದರೆ ಕಾಯಬಾರದು.

ಇನ್ನು ಕೆಲವು ಗುರುತುಗಳು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಾಲಿನಿಂದ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದಿರುವುದು, ಪಾದ ಮೇಲಕ್ಕೆ ಎತ್ತಲಾಗದೆ ನೆಲಕ್ಕೆ ತಾಗುವುದು, ಮೂತ್ರ ಬರಲು ತಡವಾಗುವುದು ಅಥವಾ ಗೊತ್ತಿಲ್ಲದೆ ಸೋರುವುದು, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಿರುವುದು. ಇವು ನರಗಳು ಸೋಲುತ್ತಿರುವುದರ ಸೂಚನೆ. ಸೋತ ನರ ಎಷ್ಟು ಚೇತರಿಸಿಕೊಳ್ಳುತ್ತದೆ ಎಂಬುದು ಎಷ್ಟು ಬೇಗ ಒತ್ತಡ ತೆಗೆದೆವು ಎಂಬುದನ್ನು ಅವಲಂಬಿಸಿದೆ.

ಚಿಕಿತ್ಸೆ ಎಂದರೆ ಕಶೇರುವಿನ ಹಿಂದಿನ ಕಮಾನನ್ನು ತೆಗೆದು ನರಗಳಿಗೆ ಜಾಗ ಮಾಡಿಕೊಡುವುದು. ಸಾಮಾನ್ಯರಲ್ಲಿ ಒಂದೆರಡು ಕಶೇರುಗಳಲ್ಲಿ ಮಾಡಿದರೆ ಮುಗಿಯಿತು. ಇವರಲ್ಲಿ ನಾಳವೆಲ್ಲಾ ಕಿರಿದಾದ್ದರಿಂದ ಬೆನ್ನಿನ ಕೆಳಭಾಗದಿಂದ ತ್ರಿಕಾಸ್ಥಿಯವರೆಗೆ ಹಲವು ಕಶೇರುಗಳನ್ನು ತೆರೆಯಬೇಕಾಗಬಹುದು. ಒಳಗೆ ಎಷ್ಟು ಇಕ್ಕಟ್ಟೆಂದರೆ ಮೂಳೆ ಕತ್ತರಿಸುವ ಉಪಕರಣವನ್ನು ಕಮಾನಿನ ಅಡಿ ತೂರಿಸುವುದೇ ನರಕ್ಕೆ ಪೆಟ್ಟು. ಅದಕ್ಕೆ ಮೇಲಿನಿಂದಲೇ ಸಣ್ಣ ಡ್ರಿಲ್ಲಿನಲ್ಲಿ ಮೂಳೆಯನ್ನು ತೇಯ್ದು ಕಾಗದದಷ್ಟು ತೆಳುವಾದ ಮೇಲೆ ಎತ್ತಿ ತೆಗೆಯುತ್ತಾರೆ. ನರಗಳ ಹೊದಿಕೆ ಹರಿಯುವುದು ಇಲ್ಲಿ ಆಗಾಗ ಆಗುವ ತೊಡಕು. ಮೊದಲೇ ಗೂನಿದ್ದರೆ, ಅಥವಾ ರೋಗಿ ಇನ್ನೂ ಬೆಳೆಯುವ ವಯಸ್ಸಿನ ಮಗುವಾದರೆ, ಕಮಾನು ತೆಗೆದ ಮೇಲೆ ಬೆನ್ನು ಮುಂದಕ್ಕೆ ಕುಸಿಯಬಹುದು. ಅಂಥವರಿಗೆ ಸ್ಕ್ರೂ ಮತ್ತು ಸರಳು ಹಾಕಿ ಕಶೇರುಗಳನ್ನು ಬೆಸೆಯಬೇಕಾಗುತ್ತದೆ.

ದಿನಕ್ಕೆ ಒಂದು ಮಿಲಿಮೀಟರ್

ಈಗ ಕಾಲು ಉದ್ದ ಮಾಡುವ ವಿಷಯಕ್ಕೆ ಬರೋಣ. ಇದರ ಹಿಂದಿನ ತತ್ತ್ವವನ್ನು ಕಂಡುಕೊಂಡವರು ಸೈಬೀರಿಯಾದ ಕುರ್ಗಾನ್ ಎಂಬ ಊರಿನಲ್ಲಿ ಕೆಲಸ ಮಾಡುತ್ತಿದ್ದ ಗವ್ರೀಲ್ ಇಲಿಜಾರೋವ್. ಮೂಳೆಯನ್ನು ಕತ್ತರಿಸಿ, ಎರಡು ತುದಿಗಳನ್ನು ಸಾಕಷ್ಟು ನಿಧಾನವಾಗಿ ದೂರ ಎಳೆದರೆ ನಡುವಿನ ಜಾಗದಲ್ಲಿ ಹೊಸ ಮೂಳೆ ತಾನೇ ತುಂಬಿಕೊಳ್ಳುತ್ತದೆ. ಅವರು ಬಳಸಿದ್ದು ಕಾಲಿನ ಸುತ್ತ ಲೋಹದ ಬಳೆಗಳು, ಅವುಗಳಿಂದ ಮೂಳೆಯ ಮೂಲಕ ಹಾಯುವ ತಂತಿಗಳು. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಈಗ ಮೂಳೆಯ ಒಳಗೇ ಕೂರಿಸಿ ಹೊರಗಿನ ಅಯಸ್ಕಾಂತದಿಂದ ಉದ್ದ ಮಾಡುವ ಸರಳುಗಳೂ ಬಂದಿವೆ. ಅವಕ್ಕೆ ಮೂಳೆ ತಕ್ಕಷ್ಟು ದಪ್ಪವಾಗಿರಬೇಕು, ಖರ್ಚೂ ಹೆಚ್ಚು.

ಹನ್ನೆರಡು ವರ್ಷದ ಹುಡುಗಿಯೊಬ್ಬಳ ಎರಡೂ ಮೊಳಕಾಲಿನ ಕೆಳಗಿನ ಮೂಳೆಗಳನ್ನು 8 ಸೆಂಟಿಮೀಟರ್ ಉದ್ದ ಮಾಡಬೇಕು ಎಂದುಕೊಳ್ಳಿ. ಕತ್ತರಿಸಿದ ಮೇಲೆ ಒಂದು ವಾರ ಏನೂ ಮಾಡದೆ ಬಿಡುತ್ತಾರೆ. ಆಮೇಲೆ ದಿನಕ್ಕೆ 1 ಮಿಲಿಮೀಟರ್ ಎಳೆತ ಶುರುವಾಗುತ್ತದೆ. ಅದನ್ನೂ ಒಂದೇ ಸಲಕ್ಕೆ ಮಾಡುವುದಿಲ್ಲ. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಕಾಲು ಮಿಲಿಮೀಟರಿನಂತೆ ಮನೆಯಲ್ಲಿ ತಾಯಿಯೋ ತಂದೆಯೋ ನಟ್ಟನ್ನು ತಿರುಗಿಸುತ್ತಾರೆ. ಹೀಗೆ 80 ದಿನ. ಎಳೆದು ಮುಗಿದಾಗ ನಡುವಿನ ಮೂಳೆ ಇನ್ನೂ ಮೆತ್ತಗಿರುತ್ತದೆ, ಅದು ಗಟ್ಟಿಯಾಗಲು ಎಳೆದದ್ದರ ಎರಡರಷ್ಟು ಕಾಲ ಬೇಕು. ಒಂದು ಸೆಂಟಿಮೀಟರಿಗೆ ಸುಮಾರು ಒಂದು ತಿಂಗಳು ಎಂಬ ಲೆಕ್ಕ ಹಿಡಿದರೆ ಹುಡುಗಿ ಹೆಚ್ಚುಕಡಿಮೆ ಎಂಟು ತಿಂಗಳು ಆ ಬಳೆಗಳನ್ನು ಹೊತ್ತು ಓಡಾಡಬೇಕು. ಇದು ಕೆಳಗಾಲಿಗೆ ಮಾತ್ರ. ತೊಡೆಮೂಳೆಗೆ ಇನ್ನೊಮ್ಮೆ, ಅಳತೆ ಹೊಂದಬೇಕೆಂದರೆ ತೋಳಿಗೆ ಮತ್ತೊಮ್ಮೆ. ಎಲ್ಲ ಸೇರಿದರೆ ಓದುವ ವಯಸ್ಸಿನ ಹಲವು ವರ್ಷಗಳು ಇದಕ್ಕೇ ಹೋಗುತ್ತವೆ.

ಮೂಳೆ ಬೆಳೆದಷ್ಟು ಸುಲಭವಾಗಿ ಸ್ನಾಯು, ನರ, ಕೀಲು ಹೊಂದಿಕೊಳ್ಳುವುದಿಲ್ಲ. ಹಿಮ್ಮಡಿಯ ನರಕಟ್ಟು ಬಿಗಿದು ಮಗು ತುದಿಗಾಲಲ್ಲಿ ನಿಲ್ಲತೊಡಗುತ್ತದೆ, ಮಂಡಿ ಪೂರ್ತಿ ಚಾಚದಂತಾಗುತ್ತದೆ. ದಿನವೂ ಗಂಟೆಗಟ್ಟಲೆ ಫಿಸಿಯೋಥೆರಪಿ ಬೇಕಾಗುವುದು ಇದಕ್ಕೇ. ತಂತಿ ಚರ್ಮ ಹೊಕ್ಕ ಜಾಗದಲ್ಲಿ ಕೆಂಪಾಗಿ ಕೀವು ಬರುವುದು ಸಾಮಾನ್ಯ. ಎಕ್ಸ್-ರೇಯಲ್ಲಿ ನಡುವಿನ ಜಾಗ ಖಾಲಿಯಾಗಿಯೇ ಕಂಡರೆ ವೈದ್ಯರು ಎಳೆತ ನಿಧಾನಿಸುತ್ತಾರೆ, ಹೊತ್ತಿಗೆ ಮುಂಚೆ ಬೆಳ್ಳಗೆ ಗಟ್ಟಿಯಾದರೆ ಮತ್ತೆ ಕತ್ತರಿಸಬೇಕಾದೀತು. ಬಳೆ ತೆಗೆದ ಮೇಲೆ ಹೊಸ ಮೂಳೆ ಮುರಿಯುವುದೂ ಉಂಟು.

ಹಾಗಾದರೆ ಲಾಭವೇ ಇಲ್ಲವೇ? ಖಂಡಿತ ಇದೆ. ಇವರಲ್ಲಿ ಸ್ನಾಯುಗಳು ಮೂಳೆಗೆ ಹೋಲಿಸಿದರೆ ಸಡಿಲವಾಗಿರುವುದರಿಂದ ಬೇರೆ ಕಾರಣಕ್ಕೆ ಗಿಡ್ಡಗಿರುವವರಿಗಿಂತ ಹೆಚ್ಚು ಉದ್ದ ಮಾಡಲು ಸಾಧ್ಯ. ಬಿಲ್ಲಿನಂತೆ ಬಾಗಿದ ಕಾಲನ್ನು ಅದೇ ಬಳೆಗಳಿಂದ ನೇರ ಮಾಡಬಹುದು, ಆಗ ಮಂಡಿನೋವು ಕಡಿಮೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು ತೋಳು. ಗಿಡ್ಡ ತೋಳಿನಿಂದಾಗಿ ಶೌಚದ ನಂತರ ತೊಳೆದುಕೊಳ್ಳಲು ಕೈ ಎಟುಕುವುದಿಲ್ಲ ಎಂಬ ಕಷ್ಟವನ್ನು ಇವರು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ತೋಳನ್ನು ಕೆಲವೇ ಸೆಂಟಿಮೀಟರ್ ಉದ್ದ ಮಾಡಿದರೆ ಆ ಕೆಲಸಕ್ಕೆ ಇನ್ನೊಬ್ಬರನ್ನು ಆಶ್ರಯಿಸುವುದು ತಪ್ಪುತ್ತದೆ. ಎತ್ತರ ಕಾಣುವುದು ಬೇರೆಯವರಿಗೆ, ತೋಳಿನ ಉಪಯೋಗ ಅನುಭವಕ್ಕೆ ಬರುವುದು ಅವರಿಗೇ.

ಈ ವಿಷಯದಲ್ಲಿ ಲೋಕದಲ್ಲಿ ಒಮ್ಮತವಿಲ್ಲ. ಸ್ಪೇನ್, ಇಟಲಿ, ಜಪಾನಿನಂಥ ದೇಶಗಳಲ್ಲಿ ಇದು ಹೆಚ್ಚು ನಡೆಯುತ್ತದೆ. ಅಮೆರಿಕದಲ್ಲಿ ಕುಬ್ಜತೆ ಇರುವವರೇ ಕಟ್ಟಿಕೊಂಡ ಸಂಘಟನೆಯಲ್ಲಿ, ಬದಲಾಗಬೇಕಾದದ್ದು ನಮ್ಮ ಕಾಲಲ್ಲ, ನಮ್ಮ ಸುತ್ತಲಿನ ಮೆಟ್ಟಿಲು ಮತ್ತು ಮನಸ್ಸು ಎನ್ನುವವರು ಬಹಳ ಮಂದಿ.

ಮೊದಲು ಬೆನ್ನು, ಆಮೇಲೆ ಕಾಲು

ಕಾಲು ಉದ್ದ ಮಾಡಿಸುವ ನಿರ್ಧಾರ ಮಾಡಿದವರು ಅದಕ್ಕೆ ಮೊದಲು ಬೆನ್ನಿನ ಎಂಆರ್‌ಐ ಮಾಡಿಸಬೇಕು, ಕಾಲಿನ ಶಕ್ತಿ ಮತ್ತು ಸ್ಪರ್ಶವನ್ನು ಪರೀಕ್ಷಿಸಿ ಬರೆಸಿಟ್ಟುಕೊಳ್ಳಬೇಕು. ಇದಕ್ಕೆ ಬಲವಾದ ಕಾರಣಗಳಿವೆ. ಎಳೆತದ ನಡುವೆ ಒಂದು ದಿನ ಮಗುವಿನ ಪಾದ ಮೇಲೇಳದಾಯಿತು ಎನ್ನಿ. ಮಂಡಿಯ ಹತ್ತಿರ ನರ ಎಳೆದುಕೊಂಡಿದ್ದರೆ ನಟ್ಟು ತಿರುಗಿಸುವುದನ್ನು ನಿಲ್ಲಿಸಬೇಕು, ಬೆನ್ನಿನ ನಾಳದಲ್ಲಿ ಒತ್ತಡ ಬಿದ್ದಿದ್ದರೆ ಬೆನ್ನಿಗೇ ಚಿಕಿತ್ಸೆ ಬೇಕು. ಮೊದಲಿನ ದಾಖಲೆ ಕೈಯಲ್ಲಿಲ್ಲದಿದ್ದರೆ ಇವೆರಡನ್ನು ಬೇರ್ಪಡಿಸುವುದು ಕಷ್ಟ, ಅಮೂಲ್ಯ ಸಮಯ ಹೋಗುತ್ತದೆ. ಅರಿವಳಿಕೆ ಕೊಡುವವರಿಗೂ ಈ ಚಿತ್ರ ಬೇಕು. ಕುತ್ತಿಗೆಯ ರಂಧ್ರ ಚಿಕ್ಕದಿದ್ದರೆ ಕೊಳವೆ ಹಾಕುವಾಗ ತಲೆಯನ್ನು ಹಿಂದಕ್ಕೆ ಬಾಗಿಸುವುದು ಅಪಾಯ, ನಾಳ ಕಿರಿದಿದ್ದರೆ ಬೆನ್ನಿಗೆ ಚುಚ್ಚುಮದ್ದು ಕೊಡುವುದೂ ತೊಡಕಿನದು. ನಾಳದಲ್ಲಿ ಈಗಾಗಲೇ ಒತ್ತಡವಿದೆ ಎಂದು ಗೊತ್ತಾದರೆ ಬೆನ್ನಿನ ಚಿಕಿತ್ಸೆ ಮೊದಲು, ಕಾಲಿನದು ಕಾಯಬಹುದು.

2021ರಲ್ಲಿ ಯುರೋಪ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟ ವೊಸೊರಿಟೈಡ್ ಎಂಬ ಚುಚ್ಚುಮದ್ದು ಆ ಬ್ರೇಕನ್ನೇ ಸಡಿಲಿಸಲು ನೋಡುತ್ತದೆ. ಬೆಳವಣಿಗೆಯ ಫಲಕ ಮುಚ್ಚುವ ತನಕ ದಿನವೂ ಕೊಡಬೇಕು. ಒಂದು ವರ್ಷದ ಪರೀಕ್ಷೆಯಲ್ಲಿ ಮದ್ದು ಪಡೆದ ಮಕ್ಕಳು ಪಡೆಯದವರಿಗಿಂತ ಸರಾಸರಿ ಒಂದೂವರೆ ಸೆಂಟಿಮೀಟರಿನಷ್ಟು ಹೆಚ್ಚು ಬೆಳೆದರು. ಬೆಲೆ ಸಾಮಾನ್ಯ ಕುಟುಂಬದ ಕೈಗೆಟುಕುವಂಥದ್ದಲ್ಲ. ನಾಳದ ಅಗಲ ಬಹುಪಾಲು ಬಾಲ್ಯದ ಮೊದಲ ವರ್ಷಗಳಲ್ಲೇ ನಿಶ್ಚಯವಾಗಿಬಿಡುವುದರಿಂದ, ತಡವಾಗಿ ಶುರುಮಾಡಿದ ಯಾವ ಮದ್ದಿನಿಂದಲೂ ನಾಳಕ್ಕೆ ಹೆಚ್ಚಿನ ಪ್ರಯೋಜನ ನಿರೀಕ್ಷಿಸುವಂತಿಲ್ಲ.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕುಬ್ಜತೆಯನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ವಯಸ್ಕರ ಎತ್ತರ 4 ಅಡಿ 10 ಇಂಚು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಈ ಹಕ್ಕನ್ನು ಬಿಟ್ಟುಕೊಡಬೇಕಾಗಿಲ್ಲ.

ಕಾಲು ಉದ್ದ ಮಾಡಿಸಬೇಕೋ ಬೇಡವೋ ಎಂಬುದನ್ನು ನೆಂಟರಾಗಲಿ ವೈದ್ಯರಾಗಲಿ ತೀರ್ಮಾನಿಸುವಂತಿಲ್ಲ. ನೋವು ತಿನ್ನಬೇಕಾದ ಮಗು ಅದನ್ನು ಅರ್ಥ ಮಾಡಿಕೊಂಡು ಹೇಳುವ ವಯಸ್ಸಿಗೆ ಬರುವ ತನಕ ಕಾಯುವುದರಿಂದ ಏನೂ ನಷ್ಟವಿಲ್ಲ. ಬೆನ್ನಿನ ವಿಷಯ ಹಾಗಲ್ಲ. ಶಿಶುವಿನ ನಿದ್ದೆಯ ಪರೀಕ್ಷೆ, ಕುತ್ತಿಗೆಯ ಎಂಆರ್‌ಐ, ದೊಡ್ಡವರಾದ ಮೇಲೆ ನಡೆಯುವ ದೂರದ ಲೆಕ್ಕ, ಮೂತ್ರದ ತೊಂದರೆ ಕಂಡ ದಿನವೇ ಆಸ್ಪತ್ರೆಗೆ ಓಟ, ಇವುಗಳಲ್ಲಿ ಯಾವುದನ್ನೂ ಮುಂದಕ್ಕೆ ಹಾಕಬಾರದು. ಮಗುವನ್ನು ಉದ್ದ ಮಾಡಬಹುದೇ ಎಂದು ಕೇಳುವ ತಂದೆತಾಯಿ ಅದಕ್ಕೆ ಮುಂಚೆ "ಇವನ ಬೆನ್ನುಹುರಿಗೆ ಜಾಗ ಇದೆಯಾ ಡಾಕ್ಟ್ರೇ?" ಎಂದು ಕೇಳುವುದನ್ನು ರೂಢಿಸಿಕೊಂಡರೆ ಎಷ್ಟೋ ಜೀವ ಉಳಿಯುತ್ತದೆ, ಎಷ್ಟೋ ಕಾಲುಗಳ ಬಲ ಉಳಿಯುತ್ತದೆ.